200 ಅಡಿ ಜಾಲರಿ, 80 ಅಡಿ ಗೋಡೆ: ಡೆರಿವೇಟಿವ್ ಲೆಕ್ಕ ಸರಿಯಿದೆ, ದೊಡ್ಡಿ ಮಾತ್ರ ಬಾಯಿ ಬಿಟ್ಟಿದೆ

ಹಟ್ಟಿಮನೆ_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ಕಡೆ ಒಂದು ಹಳ್ಳಿ. ಮನೆ ಹಿಂದೆ ಹಳೇ ಹುಳುಮನೆ ಇದೆ. ರೇಷ್ಮೆ ಬಿಟ್ಟು ವರ್ಷಗಳೇ ಆದವು, ಈಗ ಅದರಲ್ಲಿ ಮೇವು ತುಂಬಿದ್ದೀವಿ. ಅದರ ಹಿಂಗೋಡೆಗೆ ಒತ್ತಿಸಿ ಕುರಿಗಳಿಗೆ ಒಂದು ಬಯಲು ದೊಡ್ಡಿ ಮಾಡೋಣ ಅಂತ ಅಪ್ಪ 50 ಅಡಿಯ ನಾಲ್ಕು ಸುರುಳಿ ಚೈನ್‌ಲಿಂಕ್ ಜಾಲರಿ ತಂದರು. ಒಟ್ಟು 200 ಅಡಿ. ಗೋಡೆ ಕಡೆ ಜಾಲರಿ ಬೇಡ, ಮೂರು ಕಡೆಗೆ ಸಾಕು.

ನನ್ನ ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್. "ಅಕ್ಕಾ, ಇದು ನಮ್ಮ ಪುಸ್ತಕದಲ್ಲಿರೋ ಲೆಕ್ಕಾನೇ" ಅಂತ ಕೂತು ಐದು ನಿಮಿಷದಲ್ಲಿ ಮಾಡಿಕೊಟ್ಟ. ಗೋಡೆಯಿಂದ ಹೊರಗೆ ಬರೋ ಅಳತೆ x, ಗೋಡೆಗೆ ಸಮನಾಗಿ ಹೋಗೋ ಅಳತೆ y ಅಂತ ಇಟ್ಟುಕೊಂಡಿದ್ದಾನೆ.

```
2x + y = 200
A = x(200 − 2x) = 200x − 2x²
A' = 200 − 4x = 0
x = 50, y = 100, A = 5000
```

ಎರಡನೇ ಡೆರಿವೇಟಿವ್ −4, ಹಾಗಾಗಿ ಇದು ಗರಿಷ್ಠವೇ ಅಂತಾನೂ ಬರೆದಿದ್ದಾನೆ. ನಾವು ಹಗ್ಗ ಹಿಡಿದು 50, 100, 50 ಗುರುತು ಹಾಕಿ ಗುಂಡಿ ತೋಡಿಸಿದೆವು. ಎರಡು ದಿನ ಆದ ಮೇಲೆ ನೋಡಿದರೆ ಹುಳುಮನೆ ಗೋಡೆ ಇರೋದೇ 80 ಅಡಿ! ಒಂದು ಮೂಲೆ ಗೋಡೆಗೆ ಕೂತರೆ ಇನ್ನೊಂದು ಕಡೆ 20 ಅಡಿ ಬಾಯಿ ತೆರೆದುಕೊಂಡೇ ಇರುತ್ತೆ. ಅಪ್ಪ ಗುಂಡಿ ನೋಡಿಕೊಂಡು "ಕಾಲೇಜಲ್ಲಿ ಗೋಡೆ ಎಷ್ಟುದ್ದ ಇರುತ್ತಪ್ಪಾ?" ಅಂತ ತಮ್ಮನ್ನ ಕೇಳಿದರು. ಅವನು ಅವತ್ತು ಊಟಾನೂ ಸರಿಯಾಗಿ ಮಾಡಲಿಲ್ಲ.

ನನ್ನ ಪ್ರಶ್ನೆ ಏನಂದ್ರೆ, ಲೆಕ್ಕದಲ್ಲಿ ತಪ್ಪು ಕಾಣ್ತಿಲ್ಲ. ಹಾಗಿದ್ರೆ ಎಡವಿದ್ದು ಎಲ್ಲಿ? ಈಗ ಸರಿ ಅಳತೆ ಯಾವುದು?

---

ಮೂರನೇಸೆಮ್

ತುಂಬಾ ಸಿಂಪಲ್ ಅಕ್ಕಾ. ಗೋಡೆಯನ್ನೂ ಬೇಲಿ ಅಂತಲೇ ಲೆಕ್ಕ ಹಿಡೀರಿ. 200 + 80 = 280 ಸುತ್ತಳತೆ. ಸುತ್ತಳತೆ ಗೊತ್ತಿದ್ದರೆ ಆಯತಗಳಲ್ಲಿ ಚೌಕವೇ ದೊಡ್ಡದು, ಅದು ಎಲ್ಲರಿಗೂ ಗೊತ್ತಿರೋದೇ. ಡೆರಿವೇಟಿವ್‌ನಲ್ಲೇ ಬೇಕಂದ್ರೆ:

```
x + y = 140
A = y(140 − y)
A' = 140 − 2y = 0
y = 70, x = 70, A = 4900
```

70 × 70 ಹಾಕಿ. ಗೋಡೆ 80 ಇದೆ, 70 ಆರಾಮಾಗಿ ಹಿಡಿಯುತ್ತೆ. ಸಮಸ್ಯೆ ಖಲಾಸ್.

---

ಅಡಿಕೆಅಂಗಳ

ನಾವು ತೀರ್ಥಹಳ್ಳಿ ಕಡೆಯವರು. ಹೋದ ವರ್ಷ ಅಡಿಕೆ ಒಣಗಿಸೋ ಅಂಗಳಕ್ಕೆ ಮಂಗನ ಕಾಟಕ್ಕೆ ಬೇಲಿ ಹಾಕಿಸಿದ್ವಿ. ನಮ್ಮದೂ ಸರಿಯಾಗಿ 200 ಅಡಿ ಜಾಲರಿ. 50 × 50 ಚೌಕ ಮಾಡಿದ್ವಿ, 2500 ಚದರ ಅಡಿ ಸಿಕ್ತು. ನಿಮ್ಮ ತಮ್ಮ 5000 ಅಂತಾನೆ, ಇನ್ನೊಬ್ಬರು 4900 ಅಂತಾರೆ. 200 ಅಡೀಲಿ ಅಷ್ಟೆಲ್ಲಾ ಹೇಗೆ ಬರುತ್ತೆ ಮಾರಾಯ್ರೇ? ಯಾರೋ ಎರಡರಿಂದ ಗುಣಿಸೋ ಕಡೆ ತಪ್ಪಿದ್ದೀರಿ ಅನ್ಸುತ್ತೆ, ಇನ್ನೊಮ್ಮೆ ನೋಡಿ.

(ಮಂಗ ಈಗಲೂ ಬರ್ತವೆ, ಅದು ಬೇರೆ ವಿಷಯ. ಜಾಲರಿ ಹತ್ತಿಕೊಂಡೇ ಬರ್ತವೆ.)

---

ಹಟ್ಟಿಮನೆ_ಅಕ್ಕ

@ಅಡಿಕೆಅಂಗಳ, ನಿಮ್ಮದು ನಾಲ್ಕೂ ಕಡೆ ಬೇಲಿ ಅಣ್ಣಾ. ನಮಗೆ ಒಂದು ಕಡೆ ಗೋಡೆ ಪುಕ್ಕಟೆ ಸಿಗುತ್ತೆ, ಅದಕ್ಕೇ ಜಾಸ್ತಿ.

@ಮೂರನೇಸೆಮ್, ಈ ಸಲ ಗುಂಡಿ ತೋಡೋಕೆ ಮುಂಚೆ ಹಗ್ಗದಲ್ಲಿ ಅಳೆದು ನೋಡಿದೆ. 70 ಹೊರಗೆ, 70 ಅಡ್ಡ, 70 ವಾಪಸ್. 210 ಅಡಿ ಬೇಕು ತಮ್ಮಾ, ನಮ್ಮ ಹತ್ರ ಇರೋದು 200. ಹತ್ತು ಅಡಿ ಸಾಲಲ್ಲ. ಮತ್ತೆ ಬಾಯಿ ಬಿಡ್ತು!

---

ಲೆಕ್ಕದಮೇಷ್ಟ್ರು

ಇಬ್ಬರು ಹುಡುಗರೂ ಕೂಡಿಸಿ ಕಳೆದದ್ದರಲ್ಲಿ ತಪ್ಪಿಲ್ಲ ತಾಯಿ. ಇಬ್ಬರೂ ತಮ್ಮ ಸಮೀಕರಣ ನಡೆಯದ ಜಾಗಕ್ಕೆ ಅದನ್ನು ಎಳೆದುಕೊಂಡು ಹೋಗಿದ್ದಾರೆ. ಒಬ್ಬ ಬಲಕ್ಕೆ ಹೋದ, ಇನ್ನೊಬ್ಬ ಎಡಕ್ಕೆ.

ನಿಮ್ಮ ತಮ್ಮ ಬರೆದ 2x + y = 200 ಯಾವಾಗ ನಿಜ? ದೊಡ್ಡಿಯ ಹಿಂಬದಿ ಪೂರ್ತಿ ಗೋಡೆಗೇ ಕೂತಾಗ, ಅಂದರೆ y 80 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ. ಅವನ ಉತ್ತರ y = 100. ಅಷ್ಟು ಗೋಡೆ ಇಲ್ಲ. y 80 ದಾಟಿತೆಂದರೆ ದಾಟಿದಷ್ಟು ಹಿಂಬದಿಗೂ ಜಾಲರಿ ಬೇಕು. ಆಗ ಸಮೀಕರಣವೇ ಬೇರೆ: 2x + y + (y − 80) = 200, ಅಂದರೆ x + y = 140.

ಮೂರನೇ ಸೆಮ್ ಹುಡುಗ ಹಿಡಿದದ್ದು ಈ ಎರಡನೇ ಸಮೀಕರಣವನ್ನು. ಆದರೆ ಇದು y 80 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ ನಡೆಯುತ್ತದೆ. ಅವನ ಉತ್ತರ y = 70. ಅಲ್ಲಿ ಗೋಡೆಯ 70 ಅಡಿ ಮಾತ್ರ ಬಳಕೆಗೆ ಬರುತ್ತದೆ, ಉಳಿದ 10 ಅಡಿ ಪಕ್ಕಕ್ಕೆ ಸುಮ್ಮನೆ ನಿಂತಿರುತ್ತದೆ. ಅವನೋ ಪೂರ್ತಿ 80 ಅಡಿಯನ್ನೂ ತನ್ನ ಖಾತೆಗೆ ಜಮಾ ಮಾಡಿಕೊಂಡಿದ್ದಾನೆ. ನಿಮ್ಮ ಹಗ್ಗ 10 ಅಡಿ ಸಾಲಲಿಲ್ಲ ಅಂದಿರಲ್ಲ, ಆ ಹತ್ತು ಇದೇ ಹತ್ತು.

ಈಗ ಎರಡನ್ನೂ y ಮೇಲೇ ಬರೆದು ಪಕ್ಕಪಕ್ಕ ಇಡೋಣ.

```
y ≤ 80 :  A = y(200 − y)/2    A' = 100 − y
y ≥ 80 :  A = y(140 − y)      A' = 140 − 2y
```

ಮೊದಲ ಸಾಲು ನೋಡಿ. y 80ರ ಒಳಗಿರುವಷ್ಟು ಕಾಲ 100 − y ಧನವೇ. ಅಂದರೆ ಉದ್ದ ಹೆಚ್ಚಿಸಿದಷ್ಟೂ ವಿಸ್ತೀರ್ಣ ಏರುತ್ತದೆ. 80ಕ್ಕೆ ಬಂದಾಗಲೂ ಏರುವ ವೇಗ 20 ಉಳಿದಿದೆ. ಎರಡನೇ ಸಾಲು ನೋಡಿ. 80ರಲ್ಲಿ 140 − 160 = −20, ಅಲ್ಲಿಂದ ಮುಂದೆ ಇನ್ನೂ ಋಣ. ಅಂದರೆ 80 ದಾಟಿದ ತಕ್ಷಣ ಇಳಿಜಾರು. 80ರ ತನಕ ಏರು, 80ರ ನಂತರ ಇಳಿಕೆ. ಹಾಗಾದರೆ ನೆತ್ತಿ 80ರಲ್ಲೇ.

y = 80, x = 60, ವಿಸ್ತೀರ್ಣ 4800 ಚದರ ಅಡಿ. 60 + 80 + 60, ಜಾಲರಿ ಸರಿಯಾಗಿ 200.

ಪಕ್ಕದ ಗುಂಡಿಗಳನ್ನು ಉಳಿಸಿಕೊಂಡು, ಮುಂಬದಿ 100 ಅಡಿಯೇ ಇಟ್ಟು, ಬಾಯಿ ಬಿಟ್ಟ 20 ಅಡಿಯನ್ನೂ ಅದೇ ಜಾಲರಿಯಲ್ಲಿ ಮುಚ್ಚುತ್ತೇವೆ ಅಂದರೆ x 40ಕ್ಕೆ ಇಳಿಯುತ್ತದೆ, ಮುಂದಿನ ಸಾಲಿನ ಗುಂಡಿ ಹೇಗೂ ಮತ್ತೆ ತೋಡಬೇಕು. 4000 ಚದರ ಅಡಿ. ಎಲ್ಲಾ ಗುಂಡಿ ಮುಚ್ಚಿ 80 × 60ಕ್ಕೆ ಹೊಸದು ತೋಡಿದರೆ 800 ಚದರ ಅಡಿ ಹೆಚ್ಚು ಸಿಗುತ್ತದೆ, ಬೇಕೋ ಬೇಡವೋ ನೀವೇ ನೋಡಿ.

---

ಮೂರನೇಸೆಮ್

ಸರಿ ಸಾರ್, 210 ಒಪ್ಪಿದೆ. ಆದ್ರೆ 80ರಲ್ಲಿ ಡೆರಿವೇಟಿವ್ ಸೊನ್ನೇನೇ ಅಲ್ವಲ್ಲ? ಎಡಗಡೆಯಿಂದ +20, ಬಲಗಡೆಯಿಂದ −20. ಅಲ್ಲಿ ಡೆರಿವೇಟಿವ್ ಇಲ್ಲವೇ ಇಲ್ಲ. A' = 0 ಆಗದೇ ಇರೋ ಕಡೆ ಗರಿಷ್ಠ ಹೇಗೆ ಬರುತ್ತೆ? ನಮಗೆ ಹೇಳಿಕೊಟ್ಟಿದ್ದು "ಸೊನ್ನೆಗೆ ಸಮ ಮಾಡು, ಎರಡನೇ ಡೆರಿವೇಟಿವ್ ನೋಡು" ಅಷ್ಟೇ.

---

ಲೆಕ್ಕದಮೇಷ್ಟ್ರು

ಅರ್ಧ ಹೇಳಿಕೊಟ್ಟಿದ್ದಾರೆ, ಅಥವಾ ಉಳಿದರ್ಧ ಹೇಳುವಾಗ ನೀನು ಕ್ಯಾಂಟೀನಲ್ಲಿದ್ದೆ.

ಮಣ್ಣಿನ ಗುಡ್ಡ ಹತ್ತಿದ್ದೀಯಾ? ನೆತ್ತಿ ಹತ್ತಿರ ಬಂದ ಹಾಗೆ ಏರು ಸಣ್ಣಗಾಗುತ್ತಾ ಬಂದು, ಮೇಲೆ ಒಂದು ಗಳಿಗೆ ಸಮತಟ್ಟು ಸಿಕ್ಕಿ, ಆಮೇಲೆ ಇಳಿಯುತ್ತದೆ. ಅಲ್ಲಿ A' = 0 ಸಿಗುತ್ತದೆ. ಹಂಚಿನ ಮನೆಯ ಮಾಡು ಹತ್ತಿ ನೋಡು. ಕೊನೇ ಹಂಚಿನ ತನಕ ಅದೇ ಏರು, ನೆತ್ತಿ ದಾಟಿದ ಕೂಡಲೇ ಆ ಕಡೆ ಇಳಿಜಾರು. ಸಮತಟ್ಟೇ ಇಲ್ಲ. ಹಾಗಂತ ಮಾಡಿಗೆ ನೆತ್ತಿ ಇಲ್ಲ ಅನ್ನಕ್ಕಾಗುತ್ತಾ? ಗರಿಷ್ಠ ಹುಡುಕುವಾಗ ಮೂರು ಕಡೆ ಕೈ ಹಾಕಬೇಕು: ಡೆರಿವೇಟಿವ್ ಸೊನ್ನೆಯಾಗುವ ಕಡೆ, ಡೆರಿವೇಟಿವ್ ಇಲ್ಲದ ಮೂಲೆ, ಮತ್ತೆ ಅಳತೆ ಮುಗಿಯುವ ತುದಿ.

ಈ ಎರಡು ಬಗೆಯ ನೆತ್ತಿಗಳ ಫರಕು ಬರೀ ಹಾಳೆಯ ಮೇಲಿನದಲ್ಲ, ಗುಂಡಿ ತೋಡುವವರಿಗೂ ಗೊತ್ತಾಗುತ್ತದೆ. ಗೋಡೆ ಬೇಕಾದಷ್ಟು ಉದ್ದ ಇತ್ತು ಅಂದುಕೊಳ್ಳಿ, ಉತ್ತರ 100 × 50. ಅಳೆಯುವವನು ಐದು ಅಡಿ ತಪ್ಪಿ y = 95 ಮಾಡಿದ. x = 52.5, ವಿಸ್ತೀರ್ಣ 4987.5. ಕಳಕೊಂಡದ್ದು ಹನ್ನೆರಡೂವರೆ ಚದರ ಅಡಿ, ಒಂದು ಕುರಿ ಮಲಗುವಷ್ಟು ಜಾಗ. ಈಗ ನಿಮ್ಮ 80 ಅಡಿ ಗೋಡೆಗೆ ಬನ್ನಿ. ಐದು ಅಡಿ ಕಡಿಮೆ ಮಾಡಿ y = 75 ಅಂದರೆ x = 62.5, ವಿಸ್ತೀರ್ಣ 4687.5, ನಷ್ಟ 112.5. ಐದು ಅಡಿ ಹೆಚ್ಚು ಮಾಡಿ 85 ಅಂದರೆ x = 55, ವಿಸ್ತೀರ್ಣ 4675, ನಷ್ಟ 125. ಐದಡಿ ತಪ್ಪಿಗೆ ಸುಮಾರು ಹತ್ತು ಪಟ್ಟು ದಂಡ. ಗುಡ್ಡದ ನೆತ್ತಿಯಲ್ಲಿ ಎರಡು ಹೆಜ್ಜೆ ಆಚೀಚೆಯಾದರೂ ನಡೆಯುತ್ತದೆ, ಮಾಡಿನ ನೆತ್ತಿಯಲ್ಲಿ ನಡೆಯಲ್ಲ. ಹಾಗಾಗಿ ತಾಯಿ, ಗೋಡೆಯ ಎರಡೂ ತುದಿಗೆ ಕಂಬ ಸರಿಯಾಗಿ ಕೂರಿಸಿ.

---

ಹಟ್ಟಿಮನೆ_ಅಕ್ಕ

ಮೇಷ್ಟ್ರೇ, ಮಾಡಿನ ಮಾತು ಅಪ್ಪನಿಗೂ ಅರ್ಥ ಆಯ್ತು. ಒಂದು ಅನುಮಾನ. ಗೋಡೆ 80ರ ಬದಲು ಇನ್ನೂ ಚಿಕ್ಕದಿದ್ದರೂ "ಗೋಡೆ ಎಷ್ಟಿದೆಯೋ ಅಷ್ಟು" ಅಂತಲೇ ಉತ್ತರ ಬರುತ್ತಾ? ಚಿಕ್ಕಪ್ಪನ ಮನೆ ಗೋಡೆ 40 ಅಡಿ ಅಷ್ಟೇ, ಅವರೂ ಇದೇ ಜಾಲರಿ ಕೇಳ್ತಿದ್ದಾರೆ.

---

ಲೆಕ್ಕದಮೇಷ್ಟ್ರು

ಇಲ್ಲ, ಅಲ್ಲಿ ಮೂರನೇ ಸೆಮ್ ಹುಡುಗ ಗೆಲ್ಲುತ್ತಾನೆ. 200 + 40 = 240, ಚೌಕದ ಬದಿ 60. 60 ಅನ್ನುವುದು 40ಕ್ಕಿಂತ ದೊಡ್ಡದು, ಹಾಗಾಗಿ ಅವನ ಸಮೀಕರಣ ನಡೆಯುವ ಜಾಗದಲ್ಲೇ ಉತ್ತರ ಬಿತ್ತು. ಗೋಡೆ 40, ಅದರ ಪಕ್ಕಕ್ಕೆ ಜಾಲರಿ 20, ಉಳಿದ ಮೂರು ಬದಿ ಅರವತ್ತರಂತೆ 180. ಒಟ್ಟು ಜಾಲರಿ 200, ವಿಸ್ತೀರ್ಣ 3600.

ಎಲ್ಲಿ ಬದಲಾಗುತ್ತದೆ ಅಂತ ಕೇಳಿದರೆ: ಗೋಡೆ ಜಾಲರಿಯ ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಚೌಕ. ಅರ್ಧಕ್ಕಿಂತ ಹೆಚ್ಚಿದ್ದರೆ ನಿಮ್ಮ ತಮ್ಮನ ಪುಸ್ತಕದ ಉತ್ತರ. ನಡುವೆ ಇದ್ದರೆ ಗೋಡೆ ಇದ್ದಷ್ಟೇ ಉದ್ದ. ನಿಮ್ಮ ಜಾಲರಿಗೆ ಆ ಗಡಿಗಳು ಸುಮಾರು 67 ಅಡಿ ಮತ್ತು 100 ಅಡಿ. ನಿಮ್ಮ 80 ಎರಡರ ನಡುವೆ ಸಿಕ್ಕಿಬಿದ್ದಿದೆ, ಅದಕ್ಕೇ ಇಬ್ಬರು ಹುಡುಗರಿಗೂ ದಕ್ಕಲಿಲ್ಲ.

---

ಕಲ್ಲುಕಂಬ

ನಾನು ಹದಿನೈದು ವರ್ಷದಿಂದ ಬೇಲಿ ಕೆಲಸ ಮಾಡಿಸ್ತಿದೀನಿ. ನಿಮ್ಮ ಡೆರಿವೇಟಿವ್ ನನಗೆ ಬರಲ್ಲ, ಆದ್ರೆ ಮೇಷ್ಟ್ರೇ ನೀವು ಗೇಟು ಮರೆತಿದೀರಿ. ಕುರಿ ಒಳಗೆ ಹಾರಿ ಹೋಗ್ತವಾ?

ಅಕ್ಕಾ, ಗೇಟು ಎಷ್ಟು ಅಡಿ ಅಂತ ಹೇಳಿ. ಮೇವಿನ ಟ್ರ್ಯಾಕ್ಟರ್ ಒಳಗೆ ಹೋಗಬೇಕಂದ್ರೆ 10 ಅಡಿನಾದ್ರೂ ಬೇಕು. ಆ ಹತ್ತು ಅಡಿಗೆ ಜಾಲರಿ ಬೇಡ, ಕಬ್ಬಿಣದ ಗೇಟೇ ಬರುತ್ತೆ. ಅಂದ್ರೆ ನಿಮ್ಮ ಕೈಲಿ ಈಗ 210 ಅಡಿ ಬೇಲಿ ಇದೆ.

ಇನ್ನೊಂದು. ಜಾಲರಿಯನ್ನ ಹುಳುಮನೆ ಗೋಡೆಗೆ ಮೊಳೆ ಹೊಡೆದು ಕಟ್ಟಬೇಡಿ. ಹಳೇ ಮಣ್ಣುಗಾರೆ ಗೋಡೆ ಆದ್ರೆ ಎಳೆತಕ್ಕೆ ಕಿತ್ತು ಬರುತ್ತೆ. ನಾನೇ ಒಂದು ಕಡೆ ಹಂಗೆ ಮಾಡಿ ಮಳೆಗಾಲದಲ್ಲಿ ಪೆಟ್ಟು ತಿಂದಿದೀನಿ, ಇಟ್ಟಿಗೆ ಸಮೇತ ಜಾಲರಿ ನೆಲದ ಮೇಲಿತ್ತು, ಓನರ್ ಕಾಸು ಕೊಡಲಿಲ್ಲ. ಗೋಡೆ ಪಕ್ಕಕ್ಕೇ ಒಂದು ಕಲ್ಲು ಕಂಬ ನಿಲ್ಲಿಸಿ ಅದಕ್ಕೆ ಕಟ್ಟಿ. ಹೊರಗಿನ ಎರಡು ಮೂಲೆ ಕಂಬಗಳಿಗೆ ಒಳಗಡೆಯಿಂದ ಓರೆಯಾಗಿ ಆಸರೆ ಕಂಬ ಕೊಡಿ. ಇಲ್ಲಾಂದ್ರೆ ಬಿಗಿ ಮಾಡಿದಾಗ ಮೂಲೆ ಒಳಕ್ಕೆ ವಾಲುತ್ತೆ, ನಿಮ್ಮ ಲೆಕ್ಕದ ಮೂಲೆ ಮೂಲೆಯಾಗಿ ಉಳಿಯಲ್ಲ.

ಸುರುಳಿಯಿಂದ ಸುರುಳಿಗೆ ಜೋಡಿಸೋವಾಗ ಒಂದರ ಮೇಲೊಂದು ಹಾಕಿ ಅಡಿ ಹಾಳು ಮಾಡಬೇಡಿ. ತುದಿಯ ಒಂದು ಎಳೆ ತಂತಿ ಬಿಚ್ಚಿ, ಎರಡೂ ಅಂಚು ಸೇರಿಸಿ ಅದೇ ಎಳೆಯನ್ನ ತಿರುಗಿಸ್ತಾ ವಾಪಸ್ ಹೆಣೆದ್ರೆ ಜೋಡಣೆ ಇರೋದೇ ಗೊತ್ತಾಗಲ್ಲ.

---

ಲೆಕ್ಕದಮೇಷ್ಟ್ರು

ಒಪ್ಪಿದೆ ಸ್ವಾಮಿ. 30 ವರ್ಷ ಇದೇ ಲೆಕ್ಕ ಬೋರ್ಡಿನ ಮೇಲೆ ಮಾಡಿದ್ದೀನಿ, ಒಂದು ದಿನವೂ ಗೇಟು ಇಟ್ಟಿರಲಿಲ್ಲ.

210 ಆದರೆ ಉತ್ತರದ ಆಕಾರ ಬದಲಾಗಲ್ಲ. 210ರ ಮೂರನೇ ಒಂದು 70, ಅರ್ಧ 105, ಗೋಡೆಯ 80 ಈಗಲೂ ನಡುವೆಯೇ ಇದೆ. y = 80, x = 65, ವಿಸ್ತೀರ್ಣ 5200. ಹತ್ತಡಿ ಗೇಟಿಗೆ 400 ಚದರ ಅಡಿ. ಅಂದರೆ ಈ ಜಾಗದಲ್ಲಿ ಬೇಲಿ ಒಂದಡಿ ಹೆಚ್ಚಿಸಿದರೆ 40 ಚದರ ಅಡಿ ಹೆಚ್ಚುತ್ತದೆ: ಎರಡು ಪಕ್ಕಕ್ಕೂ ಅರ್ಧರ್ಧ ಅಡಿ ಸೇರುತ್ತದೆ, 80 ಅಡಿ ಉದ್ದದ ದೊಡ್ಡಿ ಅರ್ಧ ಅಡಿ ಮುಂದೆ ಸರಿಯುತ್ತದೆ. ಇದೂ ಒಂದು ಡೆರಿವೇಟಿವೇ, ಜಾಲರಿಯ ಮೇಲೆ ತೆಗೆದದ್ದು. ಇನ್ನೊಂದು ಸುರುಳಿ ತರಬೇಕೋ ಬೇಡವೋ ಅಂತ ಯೋಚಿಸುವವರಿಗೆ ಬೇಕಾದ ಅಂಕಿ ಇದೇ.

---

ಕುರಿ_ಸಾಕಾಣಿಕೆ_ಹಿರಿಯೂರು

ಎಲ್ಲಾ ಸರಿ, ಯಾರೂ ಕುರಿ ಎಷ್ಟಿವೆ ಅಂತ ಕೇಳಲೇ ಇಲ್ಲವಲ್ಲ. ಅಕ್ಕಾ, ಎಷ್ಟಿವೆ?

---

ಹಟ್ಟಿಮನೆ_ಅಕ್ಕ

ಮರಿ ಬಿಟ್ಟು ಅರವತ್ತು.

---

ಕುರಿ_ಸಾಕಾಣಿಕೆ_ಹಿರಿಯೂರು

ಹಾಗಿದ್ರೆ ಇಷ್ಟೆಲ್ಲಾ ಯಾಕೆ? ದೊಡ್ಡ ಕುರಿಗೆ ಸೂರಿನಡಿ ಹತ್ತು ಚದರ ಅಡಿ, ಬಯಲಲ್ಲಿ ಅದರ ಎರಡರಷ್ಟು, ಇಪ್ಪತ್ತು ಹಿಡಿದ್ರೆ ಆಯ್ತು. ಅರವತ್ತು ಕುರಿಗೆ ಬಯಲು ದೊಡ್ಡಿ 1200 ಚದರ ಅಡಿ. 4800ರಲ್ಲಿ 240 ಕುರಿ ನಿಲ್ಲಿಸಬಹುದು. ನಾನೂ ಶುರುವಲ್ಲಿ ದೊಡ್ಡದೇ ಮಾಡಿದ್ದೆ. ಗೊಬ್ಬರ ಗುಡಿಸೋಕೆ ಆಳು ಸಾಲಲಿಲ್ಲ, ಲಸಿಕೆ ಹಾಕೋ ದಿನ ಒಂದೊಂದು ಕುರಿ ಹಿಡಿಯೋಕೂ ಓಡಾಟ. ಆಮೇಲೆ ನಡುವೆ ಅಡ್ಡ ಕಟ್ಟಿದೆ.

ನನ್ನ ಪ್ರಕಾರ ಪ್ರಶ್ನೆಯೇ ಉಲ್ಟಾ ಆಗಬೇಕು. 1200 ಚದರ ಅಡಿ ಬೇಕು, ಕನಿಷ್ಠ ಎಷ್ಟು ಜಾಲರಿ? ಉಳಿದ ಸುರುಳಿ ಅಂಗಡಿಗೆ ವಾಪಸ್ ಕೊಡಿ.

---

ಹುಳುಮನೆ_ತಮ್ಮ

ನಾನೇ ಆ ತಮ್ಮ. ಅಕ್ಕನ ಫೋನಲ್ಲಿ ಎಲ್ಲಾ ಓದಿದೆ. ಹಿರಿಯೂರು ಅಣ್ಣ ಕೇಳಿದ್ದನ್ನ ಮಾಡಿದ್ದೀನಿ, ಈ ಸಲ ಗೋಡೆ ನೋಡಿಕೊಂಡು.

```
xy = 1200,  y = 1200/x
F = 2x + 1200/x
F' = 2 − 1200/x² = 0
x² = 600,  x ≈ 24.5,  y ≈ 49,  F ≈ 98
```

ಎರಡನೇ ಡೆರಿವೇಟಿವ್ 2400/x³, x ಧನ ಇದ್ದಾಗ ಅದೂ ಧನ. ಹಾಗಾಗಿ ಇದು ಕನಿಷ್ಠ. y 49, ಗೋಡೆ 80, ಒಳಗೇ ಇದೆ. ಎರಡು ಸುರುಳಿ ಸಾಕು, ಇನ್ನೆರಡು ಉಳಿಯುತ್ತೆ! 100 ಅಡಿ ಪೂರ್ತಿ ಬಳಸಿದ್ರೆ 25 × 50, 1250 ಚದರ ಅಡಿ.

ಮೇಷ್ಟ್ರೇ, ಪರೀಕ್ಷೆಯಲ್ಲಿ ಗೋಡೆ ಉದ್ದ ಕೊಟ್ಟಿರಲ್ಲ. ಆಗ ಏನು ಬರೀಬೇಕು? 100 × 50 ಅಂತ ಬರೆದ್ರೆ ಅಂಕ ಹೋಗುತ್ತಾ?

---

ಲೆಕ್ಕದಮೇಷ್ಟ್ರು

ಭೇಷ್. ಪರೀಕ್ಷೆಯಲ್ಲಿ ಗೋಡೆ ಉದ್ದ ಹೇಳಿಲ್ಲ ಅಂದರೆ ಬೇಕಾದಷ್ಟು ಇದೆ ಅಂತಲೇ ಅರ್ಥ, 100 × 50 ಸರಿಯುತ್ತರ. ಆದರೆ ಮೊದಲ ಸಾಲಲ್ಲೇ 0 < x < 100 ಅಂತ ಬರೆಯೋ ಅಭ್ಯಾಸ ಇಟ್ಟುಕೋ. x = 0 ಆದರೂ x = 100 ಆದರೂ ವಿಸ್ತೀರ್ಣ ಸೊನ್ನೆ, ದೊಡ್ಡಿಯೇ ಇಲ್ಲ. ಆ ಸಾಲು ಬರೆಯುವಾಗ ಕೈ ಒಂದು ಕ್ಷಣ ನಿಂತರೆ, ಈ y ಎಷ್ಟರ ತನಕ ಹೋಗಬಹುದು ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ನಿನ್ನ ಎರಡನೇ ಡೆರಿವೇಟಿವ್ −4 ಅಂದದ್ದು ನಿಜವೇ. ಆದರೆ ಅದು ಹೇಳುವುದು ಆ ಜಾಗದಲ್ಲಿ ಗುಡ್ಡ ಇದೆ ಅಂತ ಮಾತ್ರ, ಆ ಗುಡ್ಡ ನಿಮ್ಮ ಜಮೀನಿನಲ್ಲಿದೆಯೋ ಪಕ್ಕದವರ ಜಮೀನಿನಲ್ಲಿದೆಯೋ ಅಂತ ಹೇಳಲ್ಲ.

---

ಹುಳುಮನೆ_ತಮ್ಮ

ಅಪ್ಪ ಈಗ ಜಾಲರಿ ವಾಪಸ್ ಕೊಡಲ್ಲ ಅಂತಿದ್ದಾರೆ. ಮುಂದೆ ಕುರಿ ಜಾಸ್ತಿ ಮಾಡ್ತಾರಂತೆ. ಆದ್ರೆ ಟಗರು, ಮರಿ ಬೇರೆ ಇಡೋಕೆ ನಡುವೆ ಒಂದು ಅಡ್ಡ ಬೇಲಿ ಬೇಕಂತೆ. ಅಡ್ಡ ಬೇಲಿ ಗೋಡೆಯಿಂದ ನೇರ ಹೊರಗೆ ಬರೋದಾ, ಗೋಡೆಗೆ ಸಮನಾಗಿ ಹೋಗೋದಾ ಅಂತ ಎರಡೂ ಮಾಡಿ ನೋಡಿದೆ (ಗೇಟು ಬಿಟ್ಟು, 200 ಅಡಿಗೆ).

ನೇರ ಹೊರಗೆ ಬಂದ್ರೆ 3x + y = 200. A = y(200 − y)/3, ಸೊನ್ನೆ ಬರೋದು ಮತ್ತೆ y = 100ರಲ್ಲಿ! ಗೋಡೆ ಸಾಲಲ್ಲ, 80ರಲ್ಲಿ ನಿಲ್ಲಿಸಿದೆ. x = 40, ವಿಸ್ತೀರ್ಣ 3200. 80 ದಾಟಿದ ಮೇಲಿನ ಸಮೀಕರಣವನ್ನೂ ನೋಡಿದೆ, ಅಲ್ಲಿ ಇಳಿತಾನೇ ಹೋಗುತ್ತೆ.

ಗೋಡೆಗೆ ಸಮನಾಗಿ ಹೋದ್ರೆ 2x + 2y = 200. A = y(100 − y), y = 50, x = 50, ವಿಸ್ತೀರ್ಣ 2500. ಇಲ್ಲಿ ಗೋಡೆ 80 ಇದ್ದೂ 50 ಮಾತ್ರ ಬಳಸ್ತೀವಿ. ಮೊದಲನೇದೇ ವಾಸಿ ಅಲ್ವಾ?

---

ಅಡಿಕೆಅಂಗಳ

ಓ, 2500! ನನ್ನ ಅಂಗಳದಷ್ಟೇ ಬಂತು ನೋಡಿ. ಗೋಡೆ ಬಿಟ್ಟಿ ಸಿಕ್ಕಿದ್ದನ್ನೆಲ್ಲಾ ನಡುಬೇಲಿ ತಿಂದುಹಾಕಿತು.

---

ಗುಂಡುಹಟ್ಟಿ

ಎಲ್ಲರೂ ಆಯತ ಆಯತ ಅಂತೀರಿ. ನಮ್ಮ ಅಜ್ಜನ ಕಾಲದಲ್ಲಿ ಮುಳ್ಳುಕಂಟಿ ಹಟ್ಟಿ ಗುಂಡಗೇ ಇರ್ತಿತ್ತು. ಮೂಲೆ ಇದ್ರೆ ಮರಿ ಅಲ್ಲಿ ಸಿಕ್ಕಿಬಿದ್ದು ತುಳಿತಕ್ಕೆ ಸಾಯ್ತವೆ ಅನ್ನೋರು. ಗೋಡೆಯ ಎರಡು ತುದಿಯಿಂದ ಜಾಲರಿ ಬಿಲ್ಲಿನ ಹಾಗೆ ಬಾಗಿಸಿದ್ರೆ ಏನಾಗುತ್ತೆ?

---

ಲೆಕ್ಕದಮೇಷ್ಟ್ರು

ಖಂಡಿತ ಹೆಚ್ಚು ಸಿಗುತ್ತದೆ. 80 ಅಡಿ ಗೋಡೆ, 200 ಅಡಿ ಜಾಲರಿಯನ್ನು ವೃತ್ತದ ಕಂಸದಂತೆ ಬಾಗಿಸಿದರೆ ಸುಮಾರು 5700 ಚದರ ಅಡಿ ಬರುತ್ತದೆ. ಆಯತದ 4800ಕ್ಕಿಂತ 900 ಹೆಚ್ಚು. ಆ ಲೆಕ್ಕದಲ್ಲಿ sin u = 0.4u ಅನ್ನುವ ಸಮೀಕರಣ ಬರುತ್ತದೆ, ಅದನ್ನು ಅಂದಾಜು ಹಾಕುತ್ತಾ ಹಾಕುತ್ತಾ ಬಿಡಿಸಬೇಕು. ಮೂರನೇ ಸೆಮ್, ಇದು ನಿನಗೆ.

---

ಕಲ್ಲುಕಂಬ

ಹಾಳೆ ಮೇಲೆ ಬಾಗುತ್ತೆ ಮೇಷ್ಟ್ರೇ. ಚೈನ್‌ಲಿಂಕ್ ಬಿಗಿ ಮಾಡಬೇಕಂದ್ರೆ ಕಂಬದಿಂದ ಕಂಬಕ್ಕೆ ನೇರ ಎಳೀಬೇಕು. ಗುಂಡಗೆ ಮಾಡಿದ್ರೆ ಎಳೆತ ಪ್ರತಿ ಕಂಬವನ್ನೂ ಒಳಕ್ಕೆ ಜಗ್ಗುತ್ತೆ, ಎಲ್ಲಾ ಕಂಬಕ್ಕೂ ಆಸರೆ ಕೊಡಬೇಕು. ಕಂಬದ ಖರ್ಚು ಯಾರ ಲೆಕ್ಕದಲ್ಲಿ ಬರುತ್ತೆ?

---

ಗುಂಡುಹಟ್ಟಿ

ಪೂರ್ತಿ ಗುಂಡು ಬೇಡ, ಹೊರಗಿನ ಎರಡು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿ. ಎರಡು ಕಂಬ ಜಾಸ್ತಿ ಅಷ್ಟೇ. ಮರಿಗೂ ಒಳ್ಳೇದು, ಜಾಗಾನೂ ಜಾಸ್ತಿ.

---

ಮೂರನೇಸೆಮ್

ಮೂಲೆ ಕತ್ತರಿಸಿದ್ರೆ ಜಾಗ ಕಡಿಮೆ ಆಗಲ್ವಾ? ಅಥವಾ ಉಳಿದ ಜಾಲರಿನ x ಕಡೆ ಸೇರಿಸಿದ್ರೆ ವಾಪಸ್ ಬರುತ್ತಾ? ಎಷ್ಟು ಕತ್ತರಿಸಬೇಕು ಅನ್ನೋದೇ ಈಗ ಹೊಸ ವೇರಿಯಬಲ್. ಇವತ್ತು ರಾತ್ರಿ ಕೂತು ನೋಡ್ತೀನಿ.

---

ಹಟ್ಟಿಮನೆ_ಅಕ್ಕ

ನೋಡಿ ಹೇಳು ತಮ್ಮಾ. ಸೋಮವಾರ ಗುಂಡಿ ತೋಡೋರು ಬರ್ತಾರೆ. ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದ್ರೆ ಮೇಷ್ಟ್ರು ಹೇಳಿದ 80 × 65, ಮುಂದುಗಡೆ ಹತ್ತಡಿ ಗೇಟು. ನಡುಬೇಲಿಗೆ ಇನ್ನೊಂದು ಸುರುಳಿ ತರ್ತೀನಿ ಅಂತ ಅಪ್ಪ ಹೊರಟಿದ್ದರು, 65 ಅಡಿಗೆ 50 ಸಾಲಲ್ಲ ಅಂತ ತಮ್ಮ ತಡೆದು ನಿಲ್ಲಿಸಿದ್ದಾನೆ. ಇಬ್ಬರೂ ಈಗ ಟೇಪು ಹಿಡಿದುಕೊಂಡು ಗೋಡೆ ಹತ್ರ ಇದ್ದಾರೆ, ಅದು 80 ಹೌದೋ ಅಲ್ವೋ ಅಂತ ಇನ್ನೊಂದು ಸಲ ಅಳೀತಿದ್ದಾರೆ.